ಬಂದುದು ಮತ್ತು ಮಾಡಿದುದು: ಫಲಿತಾಂಶದ ಅಡಿಬರಹವನ್ನು ಕುರಿತು

ಮಾರ್ಚ್ ತಿಂಗಳಲ್ಲಿ ಪರೀಕ್ಷೆ, ಮೇ ತಿಂಗಳಲ್ಲಿ ಫಲಿತಾಂಶ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಹತ್ತನೆಯ ತರಗತಿ ಓದುವ ಮಕ್ಕಳ ಮನೆಗಳಲ್ಲಿ ವರ್ಷದ ಲೆಕ್ಕ ಹೀಗೆಯೇ ನಡೆಯುತ್ತದೆ. ಹಿಂದೆ ಫಲಿತಾಂಶವೆಂದರೆ ಪತ್ರಿಕೆಯಲ್ಲಿ ಸಾಲುಸಾಲಾಗಿ ಅಚ್ಚಾಗುತ್ತಿದ್ದ ನೋಂದಣಿ ಸಂಖ್ಯೆಗಳು. ತಮ್ಮ ಸಂಖ್ಯೆಯನ್ನು ಬೆರಳಿಟ್ಟು ಹುಡುಕಿ, ಕಂಡರೆ ಮನೆಯವರಿಗೆ ಹೇಳಿ, ಸಂಜೆ ಸಕ್ಕರೆಯನ್ನೋ ಬೆಲ್ಲವನ್ನೋ ಹಿಡಿದು ಮಾಷ್ಟ್ರ ಮನೆಗೆ ಹೋಗುತ್ತಿದ್ದರು. ಈಗ ಫಲಿತಾಂಶ ಪ್ರಕಟವಾದ ಗಂಟೆಯೊಳಗೆ ಅದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಇನ್‌ಸ್ಟಾಗ್ರಾಮಿಗೂ ಏರುತ್ತದೆ. ಚಿತ್ರದ ಕೆಳಗೆ ಒಂದೆರಡು ಸಾಲು ಬರೆಯಬೇಕು. ಮಕ್ಕಳು ಅದನ್ನು ಕ್ಯಾಪ್ಶನ್ ಎನ್ನುತ್ತಾರೆ. ನಾವು ಇಲ್ಲಿ ಅಡಿಬರಹ ಎನ್ನೋಣ.

ಈ ಅಡಿಬರಹದ ವಿಚಾರ ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಚರ್ಚಿಸುವಷ್ಟು ದೊಡ್ಡದೇ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಹದಿನೈದು ಹದಿನಾರು ವರ್ಷದ ಒಂದು ಮಗು ತನ್ನ ದುಡಿಮೆಯ ಬಗ್ಗೆ ಊರಿನೆದುರು ಮೊದಲ ಬಾರಿಗೆ ಲಿಖಿತವಾಗಿ ಮಾತನಾಡುವುದು ಅಲ್ಲಿಯೇ. ಆ ಮಾತು ಹೇಗಿರಬೇಕೆಂಬುದು ನೀತಿಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲಿ ಒಂದು. ಕಷ್ಟಪಟ್ಟು ಓದಿದವನು ತನ್ನ ಕಷ್ಟವನ್ನು ಹೇಳಿಕೊಳ್ಳಬಹುದೆ? ಹೇಳಿದರೆ ಅಹಂಕಾರವಾಗುತ್ತದೆ, ಹೇಳದಿದ್ದರೆ ಸುಳ್ಳಾಗುತ್ತದೆ ಎಂಬ ಇಕ್ಕಟ್ಟಿನಿಂದ ಹೊರಬರುವ ದಾರಿ ಯಾವುದು? ವಿನಯವೆಂದರೆ ತನ್ನನ್ನು ಇದ್ದುದಕ್ಕಿಂತ ಚಿಕ್ಕದಾಗಿ ತೋರಿಸುವುದೆ?

ನಮ್ಮ ತಾಳಮದ್ದಳೆ, ಯಕ್ಷಗಾನಗಳನ್ನು ಕೇಳಿ ಬೆಳೆದವರಿಗೆ ಮಹಾಭಾರತದ ಕರ್ಣಪರ್ವದ ಒಂದು ಸಂದರ್ಭ ನೆನಪಿರುತ್ತದೆ. ಕರ್ಣನ ಬಾಣಗಳಿಂದ ನೊಂದು ಬಿಡಾರಕ್ಕೆ ಮರಳಿದ ಧರ್ಮರಾಯ, ತನ್ನನ್ನು ನೋಡಲು ಬಂದ ಅರ್ಜುನನು ಕರ್ಣನನ್ನು ಇನ್ನೂ ಕೊಂದಿಲ್ಲವೆಂದು ತಿಳಿದು ಸಿಟ್ಟಿನಿಂದ ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎಂದು ಬಿಡುತ್ತಾನೆ. ಹಾಗೆ ಹೇಳಿದವರನ್ನು ಕೊಲ್ಲುವೆನೆಂಬ ಪ್ರತಿಜ್ಞೆ ಅರ್ಜುನನದು. ಆತ ಕತ್ತಿಗೆ ಕೈಹಾಕುತ್ತಾನೆ. ಕೃಷ್ಣನು ತಡೆದು, ಹಿರಿಯನನ್ನು ಏಕವಚನದಲ್ಲಿ ಕರೆದು ಹೀಯಾಳಿಸಿದರೆ ಅದೇ ಅವನ ವಧೆ ಎನ್ನುತ್ತಾನೆ. ಅರ್ಜುನ ಹಾಗೆಯೇ ಮಾಡುತ್ತಾನೆ. ಆಮೇಲೆ ಅಣ್ಣನನ್ನು ನಿಂದಿಸಿದ ಪಾಪಕ್ಕೆ ತನ್ನನ್ನೇ ಕೊಂದುಕೊಳ್ಳಲು ಮತ್ತೆ ಕತ್ತಿ ಹಿರಿಯುತ್ತಾನೆ. ಆಗ ಕೃಷ್ಣ ಹೇಳುವ ಉಪಾಯವೆಂದರೆ, ನಿನ್ನ ಗುಣಗಳನ್ನು ನೀನೇ ಹೊಗಳಿಕೊ, ಅದೇ ನಿನಗೆ ಆತ್ಮಹತ್ಯೆಗೆ ಸಮಾನ ಎಂಬುದು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಅರ್ಜುನ ತನ್ನ ಬಗ್ಗೆ ಹೇಳಿಕೊಂಡ ಮಾತು ಸುಳ್ಳಲ್ಲ. ತನಗೆ ಸಮನಾದ ಧನುರ್ಧರನಿಲ್ಲ ಎಂದು ಆತ ಹೇಳಿದರೆ ಅದನ್ನು ಅಲ್ಲಗಳೆಯುವವರು ಯಾರು? ಹಾಗಾದರೆ ಆತ್ಮಪ್ರಶಂಸೆಯ ದೋಷ ಅಸತ್ಯದಲ್ಲಿಲ್ಲ. ತನ್ನ ತೂಕವನ್ನು ತಾನೇ ತೂಗಿ, ಇತರರಿಗಿಂತ ಇಷ್ಟು ಹೆಚ್ಚು ಎಂದು ತೀರ್ಪು ಕೊಡುವುದರಲ್ಲಿದೆ. ಮಾಡಿದ ಕೆಲಸವನ್ನು ಹೇಳುವುದು ವರದಿ. ಅದರ ಬೆಲೆಯನ್ನು ತಾನೇ ಕಟ್ಟುವುದು ಪ್ರಶಂಸೆ. ಇವೆರಡರ ನಡುವಣ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ವಿದ್ಯಾರ್ಥಿಯ ಇಕ್ಕಟ್ಟು ಅರ್ಧ ಬಿಡಿಸಿದಂತೆ.

ಇನ್ನರ್ಧಕ್ಕೆ ರಾಮಾಯಣದ ಸುಂದರಕಾಂಡ ನೆರವಾಗುತ್ತದೆ. ಸಮುದ್ರ ದಾಟಿ, ಸೀತೆಯನ್ನು ಕಂಡು, ಲಂಕೆಯನ್ನು ಸುಟ್ಟು ಹನುಮಂತ ಮಹೇಂದ್ರ ಪರ್ವತಕ್ಕೆ ಮರಳಿದಾಗ ಕಪಿಗಳೆಲ್ಲ ಸುತ್ತುವರಿದರು. ಆತ ಮೊದಲು ತಿಳಿಸಿದ್ದು ಸೀತೆಯನ್ನು ಕಂಡ ಸುದ್ದಿಯನ್ನು. ತಾನು ಹಾರಿದ ದೂರವನ್ನಲ್ಲ, ಸುರಸೆ ಸಿಂಹಿಕೆಯರನ್ನು ಗೆದ್ದುದನ್ನಲ್ಲ. ಆಮೇಲೆ ವೃದ್ಧನಾದ ಜಾಂಬವಂತ ಏನೇನಾಯಿತೆಂದು ಕೇಳಿದಾಗ ಮಾತ್ರ ಇಡೀ ಪ್ರಯಾಣವನ್ನು ವಿವರವಾಗಿ, ಏನನ್ನೂ ಮುಚ್ಚಿಡದೆ ಹೇಳಿದ. ಮೊದಲು ಕಾರ್ಯದ ಫಲ, ಕೇಳಿದ ಮೇಲೆ ದುಡಿಮೆಯ ಕಥೆ. ಕೇಳಿದಾಗಲೂ ‘ಅಯ್ಯೋ, ನಾನೇನೂ ಮಾಡಲಿಲ್ಲ’ ಎಂದು ಆತ ಹೇಳಲಿಲ್ಲ. ವಿನಯದ ದೊಡ್ಡ ಮಾದರಿಯೆಂದು ನಾವು ಪೂಜಿಸುವ ಹನುಮಂತನೇ ಮಾಡಿದ ಕೆಲಸವನ್ನು ಮಾಡಿದೆನೆಂದು ಹೇಳಿದ್ದಾನೆ ಎಂಬುದನ್ನು ಮರೆಯಬಾರದು.

ಈಗ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಹೆಸರು, ಶಾಲೆ ಬೇಡ. ನಮ್ಮ ಕಡೆಯ ಯಾವ ಊರಿನಲ್ಲಾದರೂ ಇರಬಹುದಾದ ಹುಡುಗಿ. ತಂದೆಗೆ ಅಡಿಕೆ ತೋಟದ ಕೂಲಿ, ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಕನ್ನಡ ಮಾಧ್ಯಮದಲ್ಲಿ ಓದಿದ ಅವಳ ಫಲಿತಾಂಶ ಹೀಗಿದೆ: ಹತ್ತು ವಿಷಯಗಳ ಪೈಕಿ ಒಂಬತ್ತರಲ್ಲಿ ಎ ಪ್ಲಸ್, ಗಣಿತದಲ್ಲಿ ಎ. ಗಡಿಯಾಚೆಯ ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇರಳದ ಎಸ್.ಎಸ್.ಎಲ್.ಸಿ.ಯಲ್ಲಿ 2005ರಿಂದ ಗ್ರೇಡ್ ಪದ್ಧತಿ ಇದೆ. ನೂರಕ್ಕೆ ತೊಂಬತ್ತು ಮತ್ತು ಮೇಲ್ಪಟ್ಟರೆ ಎ ಪ್ಲಸ್, ಎಂಬತ್ತರಿಂದ ಎಂಬತ್ತೊಂಬತ್ತರ ವರೆಗೆ ಎ, ಆಮೇಲೆ ಬಿ ಪ್ಲಸ್, ಬಿ, ಹೀಗೆ ಹತ್ತು ಹತ್ತರ ಮೆಟ್ಟಿಲುಗಳು. ಮೂವತ್ತರ ಡಿ ಪ್ಲಸ್ ಉತ್ತೀರ್ಣರಾಗಲು ಬೇಕಾದ ಕನಿಷ್ಠ ಮೆಟ್ಟಿಲು. ಹತ್ತೂ ವಿಷಯಗಳಲ್ಲಿ ಎ ಪ್ಲಸ್ ಬಂದರೆ ಅದಕ್ಕೆ ‘ಫುಲ್ ಎ ಪ್ಲಸ್’ ಎಂದು ಹೆಸರು. ಊರಿನ ತಿರುವುಗಳಲ್ಲಿ ಫ್ಲೆಕ್ಸ್ ಕಟ್ಟುವುದು ಸಾಮಾನ್ಯವಾಗಿ ಅವರಿಗೆ.

ಆದ್ದರಿಂದ ಈ ಹುಡುಗಿ ಫಲಿತಾಂಶ ಕಂಡಾಗ ಅವಳ ಬಾಯಿಂದ ಬಂದ ಮೊದಲ ಮಾತು, “ಒಂದು ಎ ಬಂತಲ್ಲ ಮಾಷ್ಟ್ರೇ, ಫುಲ್ ಆಗಲಿಲ್ಲ” ಎಂಬುದೇ ಆಗಿದ್ದರೆ ಆಶ್ಚರ್ಯವಿಲ್ಲ. ಆದರೆ ಅವಳ ವರ್ಷದ ಕಥೆಯನ್ನು ಬಲ್ಲವರಿಗೆ ಆ ಒಂದು ಎ ಬೇರೆಯಾಗಿ ಕಾಣುತ್ತದೆ. ಗಣಿತದಲ್ಲಿ ಅವಳಿಗೆ ಓಣಂ ಪರೀಕ್ಷೆಯಲ್ಲಿ ಸಿ ಬಂದಿತ್ತು, ಅಂದರೆ ಐವತ್ತಕ್ಕಿಂತ ಕಡಿಮೆ. ಸಮಾಂತರ ಶ್ರೇಣಿಯ ಲೆಕ್ಕಗಳೇ ಅವಳಿಗೆ ಹತ್ತಿರಲಿಲ್ಲ. ಅಲ್ಲಿಂದ ಮುಂದೆ ಅವಳು ಬೆಳಗ್ಗೆ ಬೇಗ ಎದ್ದು ಗಣಿತವನ್ನೇ ಹಿಡಿದಳು. ತಪ್ಪಿದ ಲೆಕ್ಕವನ್ನು ಉತ್ತರ ನೋಡದೆ ಮತ್ತೊಮ್ಮೆ ಮಾಡುವುದು, ಆಗದಿದ್ದರೆ ಗುರುತು ಹಾಕಿಟ್ಟು ಟೀಚರರ ಹತ್ತಿರ ಕೇಳುವುದು, ಇದು ಅವಳ ಕ್ರಮ. ಕ್ರಿಸ್‌ಮಸ್ ಪರೀಕ್ಷೆಯಲ್ಲಿ ಬಿ, ಮಾದರಿ ಪರೀಕ್ಷೆಯಲ್ಲಿ ಬಿ ಪ್ಲಸ್, ಕೊನೆಗೆ ಎ. ಮೊದಲಿನಿಂದಲೂ ಸುಲಭವಾಗಿದ್ದ ಕನ್ನಡದ ಎ ಪ್ಲಸ್‌ಗಿಂತ ಈ ಎ ದುಬಾರಿಯಾದದ್ದು. ಗ್ರೇಡಿನ ಹಾಳೆ ಇದನ್ನು ಹೇಳುವುದಿಲ್ಲ, ಅಡಿಬರಹ ಹೇಳಬಹುದು.

ಅದೇ ತರಗತಿಯಲ್ಲಿ, ಅದೇ ಬೆಂಚಿನಲ್ಲಿ ಕುಳಿತ ಗೆಳತಿ ಒಬ್ಬಳಿದ್ದಾಳೆ. ಅವಳಿಗೆ ಗಣಿತದಲ್ಲೂ ಭೌತವಿಜ್ಞಾನದಲ್ಲೂ ಡಿ ಬಂದಿದೆ. ವರ್ಷ ಕಳೆದುಹೋಗದಂತೆ ನಡೆಸುವ ‘ಸೇ’ ಪರೀಕ್ಷೆಗೆ ಅವಳು ಕೂರಬೇಕು. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಬ್ಬರೂ ಇದ್ದಾರೆ. ಒಬ್ಬಳು ಹಾಕಿದ ಸಾಲನ್ನು ಇನ್ನೊಬ್ಬಳು ಅದೇ ನಿಮಿಷದಲ್ಲಿ ಓದುತ್ತಾಳೆ. ಮಾಷ್ಟ್ರ ಮನೆಗೆ ಬೆಲ್ಲ ಹಿಡಿದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಇಷ್ಟು ಹರಿತವಾಗಿರಲಿಲ್ಲ. ಯಾರಿಗೆ ಹೇಳಬೇಕು, ಯಾರ ಎದುರು ಹೇಳಬಾರದು ಎಂಬುದನ್ನು ಕಾಲುಗಳೇ ನಿರ್ಧರಿಸುತ್ತಿದ್ದವು. ಈಗ ಒಂದೇ ಸಾಲು ಅಜ್ಜಿಗೂ, ಟೀಚರರಿಗೂ, ಅನುತ್ತೀರ್ಣಳಾದ ಗೆಳತಿಗೂ ಒಟ್ಟಿಗೆ ತಲುಪುತ್ತದೆ. ಆದ್ದರಿಂದ ಆ ಸಾಲು ಇವರೆಲ್ಲರ ಮುಂದೆ ನಿಂತು ಹೇಳಬಹುದಾದ ಮಾತೇ ಆಗಿರಬೇಕು.

ಈ ಹುಡುಗಿಯ ಅಡಿಬರಹಕ್ಕೆ ಮನೆಯಲ್ಲಿ ಮೂರು ಕರಡುಗಳು ಹುಟ್ಟಿದವು ಎಂದು ಭಾವಿಸೋಣ. ಇಂಥವು ನಿಜವಾಗಿಯೂ ಪ್ರತಿ ಮನೆಯಲ್ಲಿ ಹುಟ್ಟುವಂಥವೇ.

ಮೊದಲನೆಯದು ಕಾಲೇಜಿಗೆ ಹೋಗುವ ಅಣ್ಣ ಸೂಚಿಸಿದ್ದು. ಮೌನವಾಗಿ ದುಡಿ, ಗೆಲುವೇ ಸದ್ದು ಮಾಡಲಿ ಎಂಬ ಅರ್ಥದ ಇಂಗ್ಲಿಷ್ ಸಿದ್ಧವಾಕ್ಯ, ಅದರ ಜೊತೆಗೆ ಕಿರೀಟ, ಬೆಂಕಿ ಮುಂತಾದ ಚಿಹ್ನೆಗಳು. ಈ ವಾಕ್ಯವನ್ನು ಬರೆಯುವವರು ತಾವು ವಿನಯದಿಂದ ಮಾತನಾಡುತ್ತಿದ್ದೇವೆಂದೇ ತಿಳಿದಿರುತ್ತಾರೆ. ಮೌನವಾಗಿದ್ದೆ ಎಂಬುದನ್ನು ಸದ್ದು ಮಾಡಿ ಹೇಳುವ ಈ ಮಾತಿನ ಒಳಗೆ ಒಬ್ಬ ಎದುರಾಳಿ ಇದ್ದಾನೆ. ಯಾರೋ ನನ್ನನ್ನು ಕಡೆಗಣಿಸಿದ್ದರು, ಈಗ ಅವರಿಗೆ ಉತ್ತರ ಸಿಕ್ಕಿತು ಎಂಬ ಭಾವ. ಆ ‘ಯಾರೋ’ ಯಾರು? ಹುಡುಗಿಯ ಜೀವನದಲ್ಲಿ ಅಂಥ ವೈರಿ ಇಲ್ಲ. ಆದರೆ ಗುಂಪಿನಲ್ಲಿ ಓದುವ ಪ್ರತಿಯೊಬ್ಬರೂ ಇದು ನನಗೆ ಹೇಳಿದ್ದೋ ಎಂದು ಕೇಳಿಕೊಳ್ಳುತ್ತಾರೆ. ಸಿದ್ಧವಾಕ್ಯಗಳ ತೊಂದರೆ ಇದೇ: ಅವು ಬೇರೆ ಯಾರದೋ ಜಗಳವನ್ನು ನಮ್ಮ ಬಾಯಿಗೆ ತಂದಿಡುತ್ತವೆ.

ಎರಡನೆಯದು ಚಿಕ್ಕಪ್ಪನದು. ಬಡತನದ ಬೇಗೆಯಲ್ಲಿ ಅರಳಿದ ಕುಸುಮ, ಬೀಡಿ ಕಟ್ಟುವ ತಾಯಿಯ ಮಗಳ ಅಪೂರ್ವ ಸಾಧನೆ, ಗಡಿನಾಡ ಕನ್ನಡದ ಹೆಮ್ಮೆ. ಚಿಕ್ಕಪ್ಪನ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಈ ಸಾಲಿನಲ್ಲಿ ಹುಡುಗಿಗಿಂತ ಹೆಚ್ಚಾಗಿ ತಾಯಿಯ ಕೆಲಸ ಪ್ರದರ್ಶನಕ್ಕೆ ಬಂತು. ಬೀಡಿ ಕಟ್ಟುವುದು ನಾಚಿಕೆಯ ಕೆಲಸವಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಒಲೆ ಅದರಿಂದ ಉರಿದಿದೆ. ಆದರೆ ತಾಯಿಯನ್ನು ಕೇಳದೆ ಅವಳ ದುಡಿಮೆಯನ್ನು ಮಗಳ ಗ್ರೇಡಿಗೆ ಹಿನ್ನೆಲೆಯಾಗಿ ಬಳಸುವುದು ನ್ಯಾಯವಲ್ಲ. ಕಷ್ಟದ ಕಥೆ ಯಾರದ್ದೋ ಅವರ ಒಪ್ಪಿಗೆಯಿಂದಲೇ ಅದು ಹೊರಗೆ ಬರಬೇಕು. ‘ಕುಸುಮ’, ‘ಅಪೂರ್ವ’, ‘ಹೆಮ್ಮೆ’ ಎಂಬ ಪದಗಳ ಬಗ್ಗೆ ಹೇಳುವುದಾದರೆ, ಅವು ಬೇರೆಯವರು ಕೊಡಬೇಕಾದ ತೀರ್ಪುಗಳು. ಚಿಕ್ಕಪ್ಪ ತನ್ನ ಸ್ಟೇಟಸ್ಸಿನಲ್ಲಿ ಬರೆದುಕೊಂಡರೆ ಹೊಗಳಿಕೆ; ಅದೇ ಪದಗಳು ಹುಡುಗಿಯ ಹೆಸರಿನ ಕೆಳಗೆ ಬಂದರೆ ಕರ್ಣಪರ್ವದ ಕತ್ತಿ.

ಮೂರನೆಯದು ಹುಡುಗಿ ತಾನೇ ಬರೆದದ್ದು: “ಹೆಚ್ಚೇನೂ ಓದಿರಲಿಲ್ಲ. ದೇವರ ದಯೆಯಿಂದ ಏನೋ ಬಂತು.” ಹಿರಿಯರಿಗೆ ಇದು ತುಂಬ ಮೆಚ್ಚುಗೆಯಾಗುತ್ತದೆ. ಎಷ್ಟು ವಿನಯವಂತೆ ಮಗು ಎನ್ನುತ್ತೇವೆ. ಆದರೆ ಮೂರು ಕರಡುಗಳಲ್ಲಿ ಹೆಚ್ಚು ಕೆಡುಕು ಮಾಡಬಲ್ಲದ್ದು ಇದೇ ಎಂಬುದು ನಮ್ಮ ಅಭಿಪ್ರಾಯ. ಕಾರಣ ಹೇಳುತ್ತೇವೆ.

ಮೊದಲನೆಯದಾಗಿ ಇದು ಸುಳ್ಳು. ತಿಂಗಳುಗಟ್ಟಲೆ ಬೆಳಗಿನ ನಿದ್ದೆ ಬಿಟ್ಟವಳು ಓದಿರಲಿಲ್ಲ ಎನ್ನುವುದು ಸುಳ್ಳಲ್ಲದೆ ಮತ್ತೇನು? ಎರಡನೆಯದಾಗಿ, ಇದನ್ನು ‘ಸೇ’ ಪರೀಕ್ಷೆಗೆ ಕೂರಬೇಕಾದ ಗೆಳತಿಯ ಕಣ್ಣಿನಿಂದ ಓದಬೇಕು. ಓದದೆಯೇ ಇವಳಿಗೆ ಇಷ್ಟು ಬಂತು; ಓದಿದರೂ ನನಗೆ ಬರಲಿಲ್ಲ; ಹಾಗಾದರೆ ನನ್ನ ತಲೆಯೇ ಸರಿಯಿಲ್ಲ ಎಂದು ಅವಳು ಲೆಕ್ಕ ಹಾಕುತ್ತಾಳೆ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಮುಖ್ಯವಾಗಿ ಅಭ್ಯಾಸದ್ದಾಗಿರಬಹುದು, ಟೀಚರರ ಬಳಿ ಹೋಗಿ ಕೇಳುವ ಧೈರ್ಯದ್ದಾಗಿರಬಹುದು. ಅದು ತುಂಬಿಕೊಳ್ಳಬಹುದಾದ ಅಂತರ. ಸುಳ್ಳು ವಿನಯ ಅದನ್ನು ಹುಟ್ಟಿನಿಂದ ಬಂದ ಅಂತರವನ್ನಾಗಿ ಮಾಡಿಬಿಡುತ್ತದೆ. ಮೂರನೆಯದಾಗಿ, ‘ಓದದೆಯೇ ಬಂತು’ ಎಂಬ ಮಾತಿನೊಳಗೆ ಎಲ್ಲಕ್ಕಿಂತ ದೊಡ್ಡ ಜಂಬ ಅಡಗಿದೆ. ದುಡಿದು ಪಡೆದವನಿಗಿಂತ ದುಡಿಯದೆ ಪಡೆದವನು ಪ್ರತಿಭಾವಂತನೆಂದು ಲೋಕ ತಿಳಿಯುತ್ತದೆಯಲ್ಲ!

ಗ್ರೀಸಿನ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಇದನ್ನು ಸ್ಪಷ್ಟವಾಗಿ ಚರ್ಚಿಸಿದ್ದಾನೆ. ಇಲ್ಲದ್ದನ್ನು ಇದೆಯೆನ್ನುವವನು ಒಂದು ಕೊನೆ, ಇದ್ದುದನ್ನು ಇಲ್ಲವೆನ್ನುವವನು ಇನ್ನೊಂದು ಕೊನೆ. ಇದ್ದುದನ್ನು ಇದ್ದಷ್ಟೇ ಎನ್ನುವ ಸತ್ಯವಂತನು ನಡುವೆ ನಿಲ್ಲುತ್ತಾನೆ ಎಂಬುದು ಅವನ ನಿಲುವು. ಇದ್ದುದನ್ನು ಕಡಿಮೆ ಮಾಡಿ ಹೇಳುವವರ ಬಗ್ಗೆ ಅವನಿಗೆ ಸ್ವಲ್ಪ ಮೃದುತ್ವವಿದೆ. ಅವರು ಲಾಭಕ್ಕಾಗಿ ಹಾಗೆ ಮಾಡುವುದಿಲ್ಲ ಎನ್ನುತ್ತಾನೆ. ಆದರೆ ಅತಿಯಾದ ಸರಳತೆಯೂ ಕೆಲವೊಮ್ಮೆ ಜಂಬವೇ ಎಂದು ಸೇರಿಸಿ, ಸ್ಪಾರ್ಟಾದವರ ಉಡುಪನ್ನು ಉದಾಹರಿಸುತ್ತಾನೆ. ಒರಟು ಬಟ್ಟೆಯನ್ನೇ ತೋರಿಕೆಗಾಗಿ ಉಡಬಹುದು. ‘ಏನೋ ಬಂತು’ ಎಂಬುದೂ ಅಂಥ ಒರಟು ಬಟ್ಟೆಯಾಗಬಲ್ಲದು. ತುಂಬಿದ ಕೊಡ ತುಳುಕುವುದಿಲ್ಲವೆಂಬ ನಮ್ಮ ಗಾದೆ ಕೊಡ ತುಂಬಿಲ್ಲವೆಂದು ಸುಳ್ಳು ಹೇಳಬೇಕೆಂದು ಕಲಿಸುವುದಿಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಇಲ್ಲಿ ನಮ್ಮ ಭಾಷೆಯೇ ದಾರಿ ತೋರುತ್ತದೆ. ಕನ್ನಡದಲ್ಲಿ ನಾವು ‘ಎಷ್ಟು ಬಂತು?’ ಎಂದು ಕೇಳುತ್ತೇವೆ, ‘ಇಷ್ಟು ಬಂತು’ ಎಂದು ಉತ್ತರಿಸುತ್ತೇವೆ. ಅಂಕ ತಾನಾಗಿ ಬರುವಂಥದ್ದು, ನಮ್ಮ ಕಡೆಗೆ ನಡೆದುಬಂದದ್ದು ಎಂಬ ಹಾಗೆ. ಪಡೆದೆ, ಗಳಿಸಿದೆ, ಸಾಧಿಸಿದೆ ಎಂಬ ಕ್ರಿಯಾಪದಗಳೂ ಇವೆ. ಒಂದಕ್ಕಿಂತ ಒಂದು ‘ನಾನು’ ಎಂಬುದನ್ನು ಮುಂದಕ್ಕೆ ತರುತ್ತವೆ. ‘ಸಿಕ್ಕಿತು’ ಎಂದರೆ ಅದೃಷ್ಟದ ಕಡೆಗೆ ವಾಲುತ್ತದೆ. ಪತ್ರಿಕೆಯ ಭಾಷೆಯಲ್ಲಿ ‘ಬಾಚಿಕೊಂಡ’ ಎಂದೂ ಬರೆಯುತ್ತಾರೆ, ಊಟದ ಪಂಕ್ತಿಯಲ್ಲಿ ಇತರರಿಗೆ ಉಳಿಸದೆ ತಿಂದ ಹಾಗೆ. ಇವುಗಳಲ್ಲಿ ಗ್ರೇಡಿಗೆ ಒಪ್ಪುವ ಕ್ರಿಯಾಪದ ಹಳೆಯ ‘ಬಂತು’ ಎಂಬುದೇ. ಯಾಕೆಂದರೆ ಗ್ರೇಡು ನಿಜವಾಗಿಯೂ ಪೂರ್ತಿ ನಮ್ಮ ಕೈಯಲ್ಲಿಲ್ಲ. ಗಣಿತದ ನೂರು ಅಂಕಗಳಲ್ಲಿ ಎಂಬತ್ತು ಮಾತ್ರ ಲಿಖಿತ ಪರೀಕ್ಷೆಯದು. ಇಪ್ಪತ್ತು ವರ್ಷವಿಡೀ ನಡೆಯುವ ನಿರಂತರ ಮೌಲ್ಯಮಾಪನದ್ದು, ಶಾಲೆಯೇ ಕೊಡುವಂಥದ್ದು. ಪ್ರಶ್ನೆಪತ್ರಿಕೆ ಹೇಗಿತ್ತು, ಉತ್ತರಪತ್ರಿಕೆ ಯಾರ ಕೈಗೆ ಹೋಯಿತು, ಎಂಬತ್ತೊಂಬತ್ತೋ ತೊಂಬತ್ತೋ, ಇವೆಲ್ಲ ಹೊರಗಿನ ಸಂಗತಿಗಳು.

ಆದರೆ ಬೆಳಗ್ಗೆ ಎದ್ದು ಕುಳಿತದ್ದು ಬರಲಿಲ್ಲ. ಅದನ್ನು ಅವಳು ಮಾಡಿದಳು. ತಪ್ಪಿದ ಲೆಕ್ಕವನ್ನು ಮತ್ತೆ ಬಿಡಿಸಿದ್ದು ಸಿಕ್ಕಲಿಲ್ಲ. ಅದನ್ನು ಅವಳು ಮಾಡಿದಳು. ಆದ್ದರಿಂದ ನಮ್ಮ ಸೂತ್ರ ಇಷ್ಟೇ: ಫಲಕ್ಕೆ ‘ಬಂತು’, ಕೆಲಸಕ್ಕೆ ‘ಮಾಡಿದೆ’. ಕರ್ಮದಲ್ಲಿ ನಿನ್ನ ಅಧಿಕಾರ, ಫಲದಲ್ಲಿ ಅಲ್ಲ ಎಂಬ ಗೀತೆಯ ಮಾತನ್ನು ಪ್ರೌಢವಾಗಿ ವ್ಯಾಖ್ಯಾನಿಸುವ ನಾವು ನಮ್ಮ ಮನೆಯ ಮಗು ಬರೆಯುವ ಎರಡು ಸಾಲಿನಲ್ಲಿ ಅದನ್ನು ಕಾಣುವುದಿಲ್ಲ. ಸಾಮಾನ್ಯವಾಗಿ ಆಗುವುದು ಇದರ ತಿರುಗುಮುರುಗು. ಫಲವನ್ನು ‘ಸಾಧಿಸಿದೆ’ ಎಂದು ತಮ್ಮದಾಗಿ ಹೇಳಿಕೊಳ್ಳುತ್ತಾರೆ, ದುಡಿಮೆಯನ್ನು ‘ಹೇಗೋ ಆಯಿತು’ ಎಂದು ಮರೆಮಾಡುತ್ತಾರೆ.

ಈ ಸೂತ್ರದಂತೆ ಆ ಹುಡುಗಿಯ ಅಡಿಬರಹ ಹೀಗಿರಬಹುದು:

“ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಿದೆ. ಒಂಬತ್ತು ವಿಷಯಗಳಲ್ಲಿ ಎ ಪ್ಲಸ್, ಗಣಿತದಲ್ಲಿ ಎ ಬಂತು. ಗಣಿತ ನನಗೆ ಕಷ್ಟವಾಗಿತ್ತು. ಓಣಂ ಪರೀಕ್ಷೆಯಲ್ಲಿ ಸಿ ಬಂದ ಮೇಲೆ ದಿನಾ ಬೆಳಗ್ಗೆ ಅದನ್ನೇ ಅಭ್ಯಾಸ ಮಾಡಿದೆ. ಶಾಲೆ ಬಿಟ್ಟ ಮೇಲೂ ನಿಂತು ಹೇಳಿಕೊಟ್ಟ ಗಣಿತದ ಟೀಚರಿಗೂ ನನ್ನ ಜೊತೆ ಎದ್ದು ಕೂರುತ್ತಿದ್ದ ಅಮ್ಮನಿಗೂ ಋಣಿ.”

ಇದರಲ್ಲಿ ಒಂದು ವಿಶೇಷಣವೂ ಇಲ್ಲ. ಮೊದಲು ಹನುಮಂತನ ಕ್ರಮದಂತೆ ಸುದ್ದಿ. ಅದರಲ್ಲಿ ಎ ಮುಚ್ಚಿಟ್ಟಿಲ್ಲ. ‘ಒಂಬತ್ತು ಎ ಪ್ಲಸ್’ ಎಂದಷ್ಟೇ ಬರೆದು ಹತ್ತನೆಯದನ್ನು ಬಿಟ್ಟಿದ್ದರೆ ಓದಿದವರ ಮನಸ್ಸು ತಕ್ಷಣ ಆ ಹತ್ತನೆಯದರ ಹಿಂದೆ ಹೋಗುತ್ತಿತ್ತು. ಆಮೇಲೆ ದುಡಿಮೆಯ ಒಂದೇ ಒಂದು ನಿಜಸಂಗತಿ, ಅದೂ ಸೋಲಿನಿಂದ ಆರಂಭವಾಗುವಂಥದ್ದು. ‘ಹಗಲಿರುಳು ಶ್ರಮಿಸಿದೆ’ ಎಂದರೆ ಅದು ಅಳತೆಯಿಲ್ಲದ ಮಾತು. ‘ದಿನಾ ಬೆಳಗ್ಗೆ’ ಎಂದರೆ ಇನ್ನೊಬ್ಬರು ಮಾಡಿ ನೋಡಬಹುದಾದ ಮಾತು. ‘ಸೇ’ ಪರೀಕ್ಷೆಯ ಗೆಳತಿ ಈ ಸಾಲನ್ನು ಓದಿದರೆ ಅವಳಿಗೆ ನೋವಾಗದೆಂದು ನಾವು ಹೇಳುವುದಿಲ್ಲ. ಆದರೆ ಇವಳೂ ಸಿ ಕಂಡವಳೇ ಎಂಬುದು ಅವಳಿಗೆ ತಿಳಿಯುತ್ತದೆ, ಆಮೇಲೆ ಏನು ಮಾಡಿದಳೆಂಬುದೂ ತಿಳಿಯುತ್ತದೆ. ಆ ಗೆಳತಿಗೆ ಈ ಅಡಿಬರಹದಿಂದ ತೆಗೆದುಕೊಳ್ಳಲು ಏನಾದರೂ ಇದೆ.

ಕೊನೆಯ ವಾಕ್ಯ ಋಣದ್ದು. ‘ನನ್ನ ಎಲ್ಲ ಗುರುಗಳಿಗೆ, ಬಂಧುಮಿತ್ರರಿಗೆ, ಹಿತೈಷಿಗಳಿಗೆ’ ಎಂಬ ಉದ್ದ ಪಟ್ಟಿ ಆಹ್ವಾನ ಪತ್ರಿಕೆಯ ಭಾಷೆ. ಅದರಲ್ಲಿ ಯಾರಿಗೂ ತಮ್ಮ ಮುಖ ಕಾಣುವುದಿಲ್ಲ. ಇಬ್ಬರನ್ನು, ಅವರು ಮಾಡಿದ ಕೆಲಸದೊಂದಿಗೆ ನೆನೆದರೆ ಸಾಕು. ಅಮ್ಮನ ಬಗ್ಗೆ ಇಲ್ಲಿ ಹೇಳಿರುವುದು ಅವಳ ಬಡತನವನ್ನಲ್ಲ, ಅವಳು ಮಗಳೊಂದಿಗೆ ಎದ್ದು ಕೂತದ್ದನ್ನು. ಬಹುಶಃ ಅವಳು ಆ ಹೊತ್ತಿನಲ್ಲಿ ಪಕ್ಕದಲ್ಲೇ ಬೀಡಿ ಕಟ್ಟುತ್ತಿದ್ದಿರಬಹುದು. ಅದನ್ನು ಬರೆಯಬೇಕೋ ಬೇಡವೋ ಎಂಬುದನ್ನು ಅಮ್ಮನೇ ಹೇಳಲಿ. ಬರೆಯೆಂದರೆ ಬರೆಯಬಹುದು, ಆಗ ಅದು ಪ್ರದರ್ಶನವಲ್ಲ, ಅವಳೇ ಕೊಟ್ಟ ಮಾತು.

ಬಿಡಬೇಕಾದ ಕೆಲವು ಸಂಗತಿಗಳನ್ನೂ ಹೇಳಬೇಕು. ‘ಶಾಲೆಗೇ ಮೊದಲಿಗಳು’ ಎಂಬ ಮಾತನ್ನು ಗ್ರೇಡಿನಿಂದ ಹೇಳಲಾಗದು. ತೊಂಬತ್ತಕ್ಕೂ ನೂರಕ್ಕೂ ಒಂದೇ ಎ ಪ್ಲಸ್ ಇರುವ ಪದ್ಧತಿಯಲ್ಲಿ ಹಾಳೆಯಲ್ಲಿಲ್ಲದ ಸ್ಥಾನವನ್ನು ನಾವೇ ಕಲ್ಪಿಸಿದಂತಾಗುತ್ತದೆ. ಕಲೋತ್ಸವದಲ್ಲೋ ಎನ್.ಸಿ.ಸಿ.ಯಲ್ಲೋ ಪಾಲ್ಗೊಂಡದ್ದಕ್ಕೆ ಗ್ರೇಸ್ ಅಂಕ ಸೇರಿದ್ದರೆ ಕೇಳಿದವರಿಗೆ ಹೌದೆನ್ನಬೇಕು. ಅದೂ ದುಡಿದು ಬಂದದ್ದೇ, ಮುಚ್ಚಿಡುವ ಅಗತ್ಯವಿಲ್ಲ. ಇನ್ನು ನೋಂದಣಿ ಸಂಖ್ಯೆ, ಜನ್ಮದಿನಾಂಕ ಕಾಣುವ ಫಲಿತಾಂಶದ ಪುಟವನ್ನು ಹಾಗೆಯೇ ಹಾಕಬಾರದು. ಅದು ವಿನಯದ ಪ್ರಶ್ನೆಯಲ್ಲ, ಎಚ್ಚರದ್ದು.

ಹೊತ್ತಿನ ಪ್ರಶ್ನೆಯೂ ಒಂದಿದೆ. ಕೇರಳದ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಮೊದಲ ಹದಿನೈದು ನಿಮಿಷ ಬರೆಯುವಂತಿಲ್ಲ, ಓದಬೇಕು. ಕೂಲ್ ಆಫ್ ಟೈಮ್ ಎಂದು ಕರೆಯುವ ಈ ವ್ಯವಸ್ಥೆಯನ್ನು ಫಲಿತಾಂಶಕ್ಕೂ ಅನ್ವಯಿಸಬಹುದು. ಆ ಹೊತ್ತಿನಲ್ಲಿ ಗಣಿತದ ಟೀಚರಿಗೆ ಫೋನ್ ಮಾಡಬಹುದು, ಅಜ್ಜಿಯ ಹತ್ತಿರ ಹೋಗಿ ಹೇಳಬಹುದು, ಬೆಂಚಿನ ಗೆಳತಿಗೆ ಏನಾಯಿತೆಂದು ವಿಚಾರಿಸಬಹುದು. ಬಾಯಿಂದ ತಿಳಿಯಬೇಕಾದವರಿಗೆ ಸ್ಟೇಟಸ್ಸಿನಿಂದ ತಿಳಿಯಬಾರದು. ಇವರೆಲ್ಲರಿಗೆ ತಿಳಿಸಿದ ಮೇಲೆ ಉಳಿದವರಿಗಾಗಿ ಬರೆಯುವುದೇ ಅಡಿಬರಹ. ಗೆಳತಿಯ ಮನೆಗೆ ಹೋಗಿ ಬಂದ ಮೇಲೆ ಬರೆದ ಸಾಲಿಗೂ ಹೋಗುವ ಮುಂಚೆ ಬರೆದ ಸಾಲಿಗೂ ತಾನಾಗಿಯೇ ವ್ಯತ್ಯಾಸ ಬರುತ್ತದೆ.

ಏನೂ ಬರೆಯದಿರುವುದೇ ಹೆಚ್ಚು ವಿನಯವಲ್ಲವೆ ಎಂದು ಕೆಲವರು ಕೇಳಬಹುದು. ಮೌನವಾಗಿರಲು ಪ್ರತಿ ಮಗುವಿಗೂ ಹಕ್ಕಿದೆ, ಯಾರೂ ಒತ್ತಾಯಿಸಬಾರದು. ಆದರೆ ಮೌನವನ್ನು ಕಡ್ಡಾಯ ಮಾಡುವುದನ್ನು ನಾವು ಒಪ್ಪುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಗಣಿತ ವಿಜ್ಞಾನ ಹತ್ತುವುದಿಲ್ಲವೆಂಬ ಮಾತು ನಮ್ಮ ಊರುಗಳಲ್ಲಿ ಕೇಳಿಬರುತ್ತದೆ. ಸಮಾಂತರ ಶ್ರೇಣಿಯನ್ನೂ ಸ್ಪರ್ಶಕವನ್ನೂ ಕನ್ನಡದಲ್ಲೇ ಕಲಿತು ಸಿ ಇಂದ ಎ ವರೆಗೆ ಏರಿದವಳು ಇದ್ದಾಳೆಂದು ಒಂಬತ್ತನೆಯ ತರಗತಿಯ ಮಗುವಿಗೆ ತಿಳಿಯುವುದು ಒಳ್ಳೆಯದೇ. ಮತ್ತೊಂದು ಮಾತು. ನಮ್ಮ ಮನೆಗಳಲ್ಲಿ ವಿನಯದ ಪಾಠ ಹೆಣ್ಣುಮಕ್ಕಳಿಗೆ ಹೆಚ್ಚು, ಫ್ಲೆಕ್ಸು ಗಂಡುಮಕ್ಕಳಿಗೆ ಹೆಚ್ಚು. ಹುಡುಗನ ಅಡಿಬರಹಕ್ಕೂ ಹುಡುಗಿಯ ಅಡಿಬರಹಕ್ಕೂ ಅಳತೆಗೋಲು ಒಂದೇ ಇರಲಿ.

ಸಂಘ ಸಂಸ್ಥೆಗಳವರಾದ ನಮಗೂ ಇಲ್ಲಿ ಒಂದು ಹೊಣೆಯಿದೆ. ಆ ಮಗು ‘ಗಣಿತದಲ್ಲಿ ಎ ಬಂತು’ ಎಂದು ಬರೆದರೆ, ಅದರ ಕೆಳಗೆ ನಾವು ‘ಗಡಿನಾಡಿನ ಧ್ರುವತಾರೆ’ ಎಂದು ಬರೆದು ಅವಳ ಅಳತೆಯನ್ನು ಕೆಡಿಸಬಾರದು. ‘ಅಯ್ಯೋ, ಒಂದರಲ್ಲಿ ತಪ್ಪಿತೆ?’ ಎಂದು ಕೇಳಲೂಬಾರದು. ನುಡಿಯ ಭಾರವನ್ನೆಲ್ಲ ಹದಿನಾರರ ಹೆಗಲಿಗೆ ಹೊರಿಸುವುದು ಪ್ರೋತ್ಸಾಹವಲ್ಲ; ಮುಂದಿನ ಪರೀಕ್ಷೆಯಲ್ಲಿ ಅವಳು ಎಡವಿದರೆ ಆ ತಾರೆಯನ್ನು ಇಳಿಸಿಕೊಳ್ಳಲು ನಾವು ಯಾರೂ ಹೋಗುವುದಿಲ್ಲ. ಅವಳ ಸಾಲನ್ನು ಓದಿ, ಬೆಳಗಿನ ಹೊತ್ತು ಯಾವ ಪಾಠ ಹೆಚ್ಚು ಕಷ್ಟವಾಯಿತು ಮಗಳೇ ಎಂದು ವಿಚಾರಿಸಿದರೆ ಸಾಕು. ಜಾಂಬವಂತ ಹನುಮಂತನನ್ನು ಕೇಳಿದ್ದು ಅಂಥ ಪ್ರಶ್ನೆಯನ್ನೇ. ಆಗ ಅವಳು ತ್ರಿಕೋನಮಿತಿಯ ವಿಚಾರವಾಗಿ ಎಷ್ಟು ಬೇಕಾದರೂ ಹೇಳಲಿ, ಅದು ಜಂಬವಾಗುವುದಿಲ್ಲ.